ಒಂದು ಬೀದಿಗೆ ಎಷ್ಟು ಮನೆ? – ಗುಚ್ಛ ಮಾದರಿಯ ಲೆಕ್ಕ ಬೆಳೆದು ಬಂದ ಬಗೆ

ಮಳೆಗಾಲ ಆರಂಭವಾಯಿತೆಂದರೆ ಬೆಂಗಳೂರಿನ ಬಡಾವಣೆಗಳಲ್ಲಿ ಡೆಂಗ್ಯೂ ಜ್ವರದ ಮಾತು ಕೇಳಿಬರುತ್ತದೆ. ರಾಜರಾಜೇಶ್ವರಿನಗರದಲ್ಲಿ ನೂರು ಮನೆಗಳಿಗೆ ಎಷ್ಟು ಮನೆಗಳ ಸಂಪು, ಡ್ರಮ್ಮು, ಹೂವಿನ ಕುಂಡಗಳಲ್ಲಿ ಈಡಿಸ್ ಸೊಳ್ಳೆಯ ಮರಿಗಳಿವೆ ಎಂದು ತಿಳಿಯಬೇಕಾಗಿದೆ ಎನ್ನಿ. ಎಲ್ಲ ಮನೆಗಳನ್ನೂ ನೋಡುವಷ್ಟು ಸಮಯವಿಲ್ಲ. ಒಬ್ಬ ಸಮೀಕ್ಷಕಿ ಇದ್ದಾರೆ, ಅವರಿಗೆ ಎರಡು ದಿನಗಳ ಅವಧಿಯಿದೆ. ಈಗ ಅವರು ಏನು ಮಾಡಬೇಕು?

ಒಂದು ದಾರಿ, ಬಡಾವಣೆಯ ಉದ್ದಗಲಕ್ಕೂ ಚೆದುರಿದ ಒಂಟಿ ಮನೆಗಳನ್ನು ಚೀಟಿ ಎತ್ತಿದಂತೆ ಆರಿಸಿ ನೋಡುವುದು. ಆದರೆ ಹೀಗೆ ಮಾಡಿದರೆ ದಿನದ ಹೆಚ್ಚಿನ ಪಾಲು ನಡೆಯುವುದರಲ್ಲೇ ಕಳೆದುಹೋಗುತ್ತದೆ. ಇನ್ನೊಂದು ದಾರಿ, ಕೆಲವೇ ಬೀದಿಗಳನ್ನು ಆರಿಸಿ ಪ್ರತಿ ಬೀದಿಯಲ್ಲೂ ಅಕ್ಕಪಕ್ಕದ ಇಪ್ಪತ್ತು ಮನೆಗಳನ್ನು ಸಾಲಾಗಿ ನೋಡಿ ಮುಗಿಸುವುದು. ಇದರಲ್ಲಿ ನಡಿಗೆ ಕಡಿಮೆ, ನೋಡಿದ ಮನೆಗಳ ಸಂಖ್ಯೆ ಹೆಚ್ಚು. ಆದರೆ ಅಕ್ಕಪಕ್ಕದ ಮನೆಗಳಿಗೆ ನೀರು ಬರುವ ದಿನ ಒಂದೇ, ಖಾಲಿ ನಿವೇಶನದಲ್ಲಿ ನಿಂತ ಮಳೆನೀರು ಒಂದೇ, ಹಾರಿ ಬರುವ ಸೊಳ್ಳೆಯೂ ಒಂದೇ. ಹಾಗಾಗಿ ಒಂದು ಮನೆಯನ್ನು ನೋಡಿದ ಮೇಲೆ ಪಕ್ಕದ ಮನೆ ಹೇಳುವ ಹೊಸ ಸಂಗತಿ ಕಡಿಮೆಯೇ.

ಹಾಗಾದರೆ ಒಂದು ಕಡೆ ನಿಂತಾಗ ಎಷ್ಟು ಮನೆಗಳನ್ನು ನೋಡುವುದು ಸರಿ? ಒಂದೇ? ನಾಲ್ಕೇ? ಇಪ್ಪತ್ತೇ? ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ 'ಗುಚ್ಛದ ಅತ್ಯನುಕೂಲ ಗಾತ್ರ'ದ ಪ್ರಶ್ನೆ ಎಂದು ಹೆಸರು. ಅಕ್ಕಪಕ್ಕದ ಕೆಲವು ಘಟಕಗಳನ್ನು ಸೇರಿಸಿ ಒಂದು ಗುಚ್ಛ, ಅಂದರೆ ಕ್ಲಸ್ಟರ್, ಮಾಡಿಕೊಳ್ಳುತ್ತೇವೆ. ಆರಿಸಿದ ಗುಚ್ಛದಲ್ಲಿರುವ ಎಲ್ಲ ಘಟಕಗಳನ್ನೂ ಬಿಡದೆ ನೋಡಿದರೆ ಅದು ಏಕಹಂತದ ಗುಚ್ಛ ಮಾದರಿ. ಈ ಪ್ರಶ್ನೆಗೆ ಉತ್ತರ ಹುಡುಕಿದ ಕಥೆಯಲ್ಲಿ ನಮ್ಮ ದೇಶದ ಪಾತ್ರ ದೊಡ್ಡದು.

ಸೆಣಬಿನ ಹೊಲದಲ್ಲಿ ಗಡಿಯಾರ

ರಾಜರಾಜೇಶ್ವರಿನಗರದ ಕಮಾನನ್ನು ದಾಟಿ ಮೈಸೂರು ರಸ್ತೆಯಲ್ಲಿ ಕೆಂಗೇರಿಯ ಕಡೆಗೆ ಹೋದರೆ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಬೆಂಗಳೂರು ಕೇಂದ್ರ ಸಿಗುತ್ತದೆ. ಈ ಸಂಸ್ಥೆಯನ್ನು ಪ್ರಶಾಂತ ಚಂದ್ರ ಮಹಾಲನೋಬಿಸ್ ಅವರು 1931ರಲ್ಲಿ ಕಲ್ಕತ್ತದಲ್ಲಿ ಹುಟ್ಟುಹಾಕಿದರು. ಆಗ ಬಂಗಾಳದ ಮುಖ್ಯ ವಾಣಿಜ್ಯ ಬೆಳೆ ಸೆಣಬು. ಈ ವರ್ಷ ಎಷ್ಟು ಎಕರೆಯಲ್ಲಿ ಸೆಣಬು ಬಿತ್ತಿದ್ದಾರೆ ಎಂಬ ಅಂದಾಜಿನ ಮೇಲೆ ಅದರ ಧಾರಣೆ ಏರಿ ಇಳಿಯುತ್ತಿತ್ತು. ಅಂದಾಜು ತಪ್ಪಿದರೆ ಪೆಟ್ಟು ಬೀಳುವುದು ರೈತನಿಗೆ. 1937ರಲ್ಲಿ ಮಹಾಲನೋಬಿಸ್ ಮತ್ತು ಅವರ ಸಂಗಡಿಗರು ಇದಕ್ಕಾಗಿ ಮಾದರಿ ಸಮೀಕ್ಷೆಯನ್ನು ಸಣ್ಣ ಪ್ರಮಾಣದಲ್ಲಿ ಆರಂಭಿಸಿದರು. ಅದನ್ನು ವರ್ಷದಿಂದ ವರ್ಷಕ್ಕೆ ವಿಸ್ತರಿಸುತ್ತ 1941ರ ಹೊತ್ತಿಗೆ ಇಡೀ ಪ್ರಾಂತಕ್ಕೆ ಹರಡಿದರು.

ನಕ್ಷೆಯ ಮೇಲೆ ಯಾದೃಚ್ಛಿಕವಾಗಿ ಒಂದು ಬಿಂದುವನ್ನು ಗುರುತಿಸಿ, ಅಲ್ಲಿ ಒಂದು ಚೌಕ ಬರೆದು, ಆ ಚೌಕದೊಳಗೆ ಬಿದ್ದ ಹೊಲಗಳಲ್ಲೆಲ್ಲ ಯಾವ ಬೆಳೆ ಇದೆ ಎಂದು ಬರೆದುಕೊಳ್ಳುವುದು ಅವರ ವಿಧಾನ. ಆ ಚೌಕವೇ ಗುಚ್ಛ. ಅದು ಒಂದು ಎಕರೆಯದಾಗಿರಬೇಕೋ, ಹತ್ತು ಎಕರೆಯದಾಗಿರಬೇಕೋ? ರೂಢಿಯನ್ನೋ ಅನುಕೂಲವನ್ನೋ ನೋಡಿ ಇದನ್ನು ತೀರ್ಮಾನಿಸಲು ಮಹಾಲನೋಬಿಸ್ ಒಪ್ಪಲಿಲ್ಲ. ಬೇರೆ ಬೇರೆ ಗಾತ್ರದ ಚೌಕಗಳನ್ನು ಹಾಕಿ ಪರೀಕ್ಷಿಸಿದರು. ಅದರ ಜೊತೆಗೆ ಇನ್ನೊಂದು ಕೆಲಸ ಮಾಡಿದರು. ಕ್ಷೇತ್ರದಲ್ಲಿ ದುಡಿಯುವವರು ದಿನದ ಎಷ್ಟು ಹೊತ್ತನ್ನು ಎಣಿಕೆಯಲ್ಲಿ, ಎಷ್ಟನ್ನು ಓಡಾಟದಲ್ಲಿ ಕಳೆದರು ಎಂಬ ಲೆಕ್ಕವನ್ನು ಬರೆಸಿ ಇಡಿಸಿದರು. ಸಮೀಕ್ಷೆಯ ಖರ್ಚು ಎಂಬುದು ಒಂದೇ ಮೊತ್ತವಲ್ಲ, ಗುಚ್ಛದ ಗಾತ್ರಕ್ಕೆ ತಕ್ಕಂತೆ ಬೇರೆ ಬೇರೆ ರೀತಿಯಲ್ಲಿ ಬದಲಾಗುವ ಭಾಗಗಳ ಕೂಡಿಕೆ ಎಂಬುದು ಈ ದಾಖಲೆಗಳಿಂದ ಸ್ಪಷ್ಟವಾಯಿತು. ಈ ಕೆಲಸದ ವಿವರವನ್ನು ಅವರು 1940ರಲ್ಲಿ 'ಸಂಖ್ಯಾ' ಪತ್ರಿಕೆಯಲ್ಲೂ, ಹೆಚ್ಚು ವಿಸ್ತಾರವಾಗಿ 1944ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲೂ ಪ್ರಕಟಿಸಿದರು.

ನಡಿಗೆಯ ನಿಯಮ

ಓಡಾಟದ ಖರ್ಚನ್ನು ಮೊದಲು ನೋಡೋಣ. ಒಂದು ಪ್ರದೇಶದಲ್ಲಿ n ಬಿಂದುಗಳು ಚೆದುರಿವೆ, ಅವನ್ನೆಲ್ಲ ಒಂದು ಸುತ್ತಿನಲ್ಲಿ ಮುಟ್ಟಬೇಕು. ಬಿಂದುಗಳು ಎರಡರಷ್ಟಾದರೆ ದಾರಿಯೂ ಎರಡರಷ್ಟಾಗುತ್ತದೆ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಹಾಗಾಗುವುದಿಲ್ಲ. ಪ್ರದೇಶದ ವಿಸ್ತೀರ್ಣ A ಆಗಿದ್ದರೆ ಒಂದೊಂದು ಬಿಂದುವಿನ ಪಾಲಿಗೆ ಬರುವ ಜಾಗ A/n. ಆದ್ದರಿಂದ ಒಂದು ಬಿಂದುವಿನಿಂದ ಹತ್ತಿರದ ಇನ್ನೊಂದಕ್ಕೆ ಇರುವ ದೂರ ಸುಮಾರಾಗಿ √(A/n)ಗೆ ಅನುಗುಣವಾಗಿರುತ್ತದೆ. ಇಂತಹ n ಹೆಜ್ಜೆಗಳನ್ನು ಕೂಡಿಸಿದರೆ √(nA) ಬರುತ್ತದೆ. ಬಿಂದುಗಳು ನಾಲ್ಕರಷ್ಟಾದರೂ ಒಟ್ಟು ದಾರಿ ಎರಡರಷ್ಟು ಮಾತ್ರ ಆಗುತ್ತದೆ.

ಮಹಾಲನೋಬಿಸ್ ಈ ವರ್ಗಮೂಲದ ರೂಪವನ್ನು ಬಳಸಿದರು. ಅಮೆರಿಕದ ಅಯೋವಾ ರಾಜ್ಯದಲ್ಲಿ ರೈತರ ಸಮೀಕ್ಷೆಗಳ ಮೇಲೆ ಕೆಲಸ ಮಾಡುತ್ತಿದ್ದ ರೇಮಂಡ್ ಜೆಸ್ಸನ್ 1942ರಲ್ಲಿ ಇದೇ ರೂಪವನ್ನು ತಮ್ಮ ಖರ್ಚಿನ ಸೂತ್ರದಲ್ಲಿ ಇಟ್ಟರು. 1948ರಲ್ಲಿ ಈಲಿ ಮಾರ್ಕ್ಸ್, 1949ರಲ್ಲಿ ಕಲ್ಕತ್ತದ ಎಂ. ಎನ್. ಘೋಷ್ ಈ ದೂರಕ್ಕೆ ಗಣಿತದ ಮಿತಿಗಳನ್ನು ಒದಗಿಸಿದರು. ಕೊನೆಗೆ 1959ರಲ್ಲಿ ಬಿಯರ್ಡ್‌ವುಡ್, ಹಾಲ್ಟನ್ ಮತ್ತು ಹ್ಯಾಮರ್ಸ್ಲಿ ಎಂಬ ಮೂವರು, ಬಿಂದುಗಳು ಹೆಚ್ಚಾದಂತೆ ಅತಿ ಚಿಕ್ಕ ಸುತ್ತುದಾರಿಯ ಉದ್ದ √(nA)ಯ ಒಂದು ಸ್ಥಿರ ಪಾಲಿಗೆ ಸಮೀಪಿಸುತ್ತದೆ ಎಂದು ಸಾಧಿಸಿದರು. ಗಣಕಗಳ ನೆರವಿನಿಂದ ಕಂಡುಕೊಂಡಂತೆ ಆ ಸ್ಥಿರಾಂಕ ಸುಮಾರು 0.7124. ಊರೂರು ತಿರುಗುವ ಮಾರಾಟಗಾರನ ದಾರಿಯ ಸಮಸ್ಯೆ ಎಂದು ಗಣಿತದಲ್ಲಿ ಪ್ರಸಿದ್ಧವಾದ ವಿಷಯಕ್ಕೂ ಸೆಣಬಿನ ಹೊಲದ ನಡಿಗೆಗೂ ಇರುವ ನಂಟು ಇದು.

ನೆರೆಹೊರೆಯ ನಿಯಮ

ಇನ್ನು ಎರಡನೆಯ ಸಂಗತಿ, ಅಕ್ಕಪಕ್ಕದವುಗಳ ಹೋಲಿಕೆ. ಅಂದಾಜು ಎಷ್ಟು ಅಲುಗಾಡುತ್ತದೆ ಎಂಬುದನ್ನು ಅಳೆಯುವ ಪ್ರಮಾಣಕ್ಕೆ ವೇರಿಯನ್ಸ್ ಎನ್ನುತ್ತಾರೆ. ಅದು ಕಡಿಮೆ ಇದ್ದಷ್ಟೂ ಅಂದಾಜು ನಂಬಿಕೆಗೆ ಅರ್ಹ. ಮನೆಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ಇದ್ದಿದ್ದರೆ, ಎರಡು ಮನೆಗಳ ಸರಾಸರಿಯ ವೇರಿಯನ್ಸ್ ಒಂದು ಮನೆಯದಕ್ಕಿಂತ ಅರ್ಧವಾಗಬೇಕು. ಎಲ್ಲ ಮನೆಗಳೂ ಪಡಿಯಚ್ಚಿನಂತೆ ಒಂದೇ ಆಗಿದ್ದರೆ ಎರಡನೆಯ ಮನೆಯಿಂದ ಏನೂ ಲಾಭವಿಲ್ಲ. ನಿಜವಾದ ಸ್ಥಿತಿ ಇವೆರಡರ ನಡುವೆ ಎಲ್ಲೋ ಇರುತ್ತದೆ.

ಎಲ್ಲಿ ಎಂಬುದನ್ನು ಒಂದೇ ಸಂಖ್ಯೆಯಲ್ಲಿ ಹಿಡಿದಿಟ್ಟವರು ಎಚ್. ಫೇರ್‌ಫೀಲ್ಡ್ ಸ್ಮಿತ್. ಒಂದೇ ಬೆಳೆ, ಒಂದೇ ಗೊಬ್ಬರ ಹಾಕಿದ ಹೊಲವನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಕೊಯ್ದು ಪ್ರತಿ ತುಂಡನ್ನೂ ಬೇರೆ ಬೇರೆ ತೂಗಿದ ಪ್ರಯೋಗಗಳ ಅಂಕಿಗಳನ್ನು ಅವರು ಪರಿಶೀಲಿಸಿದರು. ಪಕ್ಕಪಕ್ಕದ ತುಂಡುಗಳನ್ನು ಎರಡೆರಡಾಗಿ, ನಾಲ್ಕುನಾಲ್ಕಾಗಿ, ಎಂಟೆಂಟಾಗಿ ಕೂಡಿಸುತ್ತ ಹೋದಾಗ ಸರಾಸರಿಯ ವೇರಿಯನ್ಸ್ ಹೇಗೆ ಇಳಿಯುತ್ತದೆ ಎಂದು ನೋಡಿದರು. ಅದು M ಗಾತ್ರಕ್ಕೆ ಸುಮಾರಾಗಿ S²/Mᵇ ಆಗಿ ಇಳಿಯುತ್ತದೆ ಎಂದು 1938ರಲ್ಲಿ ಪ್ರಕಟಿಸಿದರು. ಇಲ್ಲಿ S² ಎಂಬುದು ಒಂದೇ ಘಟಕದ ವೇರಿಯನ್ಸ್. b ಎಂಬುದು ನೆರೆಹೊರೆಯ ಹೋಲಿಕೆಯನ್ನು ಸೂಚಿಸುವ, ಸೊನ್ನೆಗೂ ಒಂದಕ್ಕೂ ನಡುವಿನ ಸಂಖ್ಯೆ. b ಒಂದಾದರೆ ಹೋಲಿಕೆಯೇ ಇಲ್ಲ, ಸೊನ್ನೆಯಾದರೆ ಪೂರ್ಣ ಹೋಲಿಕೆ. b 0.75 ಆಗಿದ್ದರೆ, ಗುಚ್ಛವನ್ನು ದ್ವಿಗುಣಗೊಳಿಸಿದಾಗ ವೇರಿಯನ್ಸ್ ನೂರರಿಂದ ಐವತ್ತಕ್ಕೆ ಇಳಿಯುವ ಬದಲು ಸುಮಾರು ಅರವತ್ತಕ್ಕೆ ಬಂದು ನಿಲ್ಲುತ್ತದೆ.

ಸ್ಮಿತ್ ಅವರ ಪ್ರಶ್ನೆ ಪ್ರಯೋಗದ ತಾಕುಗಳ ಗಾತ್ರಕ್ಕೆ ಸಂಬಂಧಿಸಿದ್ದು, ಸಮೀಕ್ಷೆಗಲ್ಲ. ಆದರೆ ಸೆಣಬಿನ ಚೌಕಗಳ ವೇರಿಯನ್ಸೂ ಇಂತಹದೇ ಘಾತ ನಿಯಮವನ್ನು ಅನುಸರಿಸುವುದನ್ನು ಮಹಾಲನೋಬಿಸ್ ಕಂಡರು. ಜೆಸ್ಸನ್ ಅದನ್ನು ಸ್ವಲ್ಪ ಬದಲಿಸಿ, ಗುಚ್ಛ ದೊಡ್ಡದಾದಂತೆ ಅದರ ಒಳಗಿನ ವ್ಯತ್ಯಾಸಗಳು ನಿಧಾನವಾಗಿ ಹೆಚ್ಚುತ್ತವೆ ಎಂಬ ರೂಪದಲ್ಲಿ ಬಳಸಿದರು. ಹೀಗೆ 1940ರ ದಶಕದ ಆರಂಭಕ್ಕೆ ಎರಡು ದೇಶಗಳಲ್ಲಿ, ಒಂದು ಸೆಣಬಿನ ಹೊಲಗಳಲ್ಲಿ, ಇನ್ನೊಂದು ಅಯೋವಾದ ರೈತರ ಮನೆಗಳಲ್ಲಿ, ಖರ್ಚು ಮತ್ತು ವೇರಿಯನ್ಸ್ ಎರಡನ್ನೂ ಗುಚ್ಛದ ಗಾತ್ರಕ್ಕೆ ಕಟ್ಟಿಹಾಕುವ ಲೆಕ್ಕ ಸಿದ್ಧವಾಯಿತು.

ಎರಡನ್ನೂ ಕೂಡಿಸಿದಾಗ

ಈಗ ನಮ್ಮ ಸಮೀಕ್ಷಕಿಯ ಬಳಿಗೆ ಬರೋಣ. ಇಲ್ಲಿ ಕೊಡುವ ಅಂಕಿಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು, ಅಳೆದು ತಂದವಲ್ಲ. ಒಂದು ಮನೆಯ ತೊಟ್ಟಿ, ಡ್ರಮ್ಮುಗಳನ್ನು ನೋಡಲು 5 ನಿಮಿಷ ಬೇಕು. ಸಮೀಕ್ಷೆಯ ಪ್ರದೇಶ 16 ಚದರ ಕಿಲೋಮೀಟರ್. ಹಾಗಾದರೆ n ಗುಚ್ಛಗಳನ್ನು ಮುಟ್ಟುವ ನೇರ ದಾರಿ 0.7124 × 4 × √n, ಅಂದರೆ ಸುಮಾರು 2.85√n ಕಿಲೋಮೀಟರ್. ಆದರೆ ರಸ್ತೆ ಹಕ್ಕಿಯ ಹಾದಿಯಲ್ಲ. ಏರುತಗ್ಗು, ಅಡ್ಡರಸ್ತೆ, ತಿರುವುಗಳನ್ನು ಸೇರಿಸಿ ಅದನ್ನು 1.4ರಿಂದ ಗುಣಿಸೋಣ. ಆಗ 4√n ಕಿಲೋಮೀಟರ್ ಆಯಿತು. ಕಿಲೋಮೀಟರಿಗೆ 15 ನಿಮಿಷದ ನಡಿಗೆ ಎಂದರೆ 60√n ನಿಮಿಷ. ಎರಡು ದಿನಗಳ ಕೆಲಸದ ಹೊತ್ತು, ದಿನಕ್ಕೆ 6 ಗಂಟೆಯಂತೆ, 720 ನಿಮಿಷ.

ಒಟ್ಟು ಹೊತ್ತನ್ನು C, ಒಂದು ಮನೆಗೆ ಹಿಡಿಯುವ ಹೊತ್ತನ್ನು c₁, ನಡಿಗೆಯ ಗುಣಾಂಕವನ್ನು c₂, ಒಂದು ಗುಚ್ಛದಲ್ಲಿರುವ ಮನೆಗಳನ್ನು M ಎಂದರೆ ಎರಡು ಸಮೀಕರಣಗಳು ಹೀಗಿರುತ್ತವೆ.

C = c₁Mn + c₂√n

V = S² / (nMᵇ)

ಮೊದಲನೆಯದು ಹೊತ್ತಿನ ಲೆಕ್ಕ, ಎರಡನೆಯದು ಅಂದಾಜಿನ ವೇರಿಯನ್ಸ್. M ಇಷ್ಟು ಎಂದು ಇಟ್ಟುಕೊಂಡರೆ ಮೊದಲನೆಯ ಸಮೀಕರಣದಿಂದ n ಸಿಗುತ್ತದೆ. ಅದನ್ನು ಎರಡನೆಯದರಲ್ಲಿ ಹಾಕಿದರೆ V ಸಿಗುತ್ತದೆ. ಉದಾಹರಣೆಗೆ M = 2 ಆದಾಗ 10n + 60√n = 720. ಇದಕ್ಕೆ √n = 6, ಅಂದರೆ n = 36. ನೋಡಿದ ಮನೆಗಳು 72. ಅರ್ಧ ಹೊತ್ತು ನಡಿಗೆಗೆ, ಅರ್ಧ ಮನೆಗಳಿಗೆ. b 0.75 ಎಂದುಕೊಂಡರೆ nMᵇ ಎಂಬುದು 36 × 1.68, ಸುಮಾರು 61. ಇದರ ಅರ್ಥ, ಹೀಗೆ ನೋಡಿದ 72 ಮನೆಗಳು ಕೊಡುವ ತಿಳಿವು, ಒಂದಕ್ಕೊಂದು ಸಂಬಂಧವಿಲ್ಲದೆ ಚೆದುರಿದ 61 ಮನೆಗಳು ಕೊಡುವ ತಿಳಿವಿಗೆ ಸಮ. ಈ 61ನ್ನು ಮಾದರಿಯ 'ನಿಜ ಬೆಲೆ' ಎಂದು ಕರೆಯೋಣ. ಹೀಗೆಯೇ ಉಳಿದ ಗಾತ್ರಗಳಿಗೂ ಲೆಕ್ಕ ಹಾಕಿದರೆ ಸಿಗುವ ಪಟ್ಟಿ ಇದು.

| ಗುಚ್ಛದಲ್ಲಿ ಮನೆಗಳು | ಗುಚ್ಛಗಳು | ನೋಡಿದ ಮನೆಗಳು | ನಿಜ ಬೆಲೆ |
|---|---|---|---|
| 1 | 55 | 55 | 55 |
| 2 | 36 | 72 | 61 |
| 4 | 22 | 88 | 62 |
| 10 | 10.5 | 105 | 59 |
| 20 | 5.8 | 115 | 54 |

ಪಟ್ಟಿಯ ಮೂರನೆಯ ಮತ್ತು ನಾಲ್ಕನೆಯ ಸಾಲುಗಳನ್ನು ಕೊನೆಯ ಸಾಲಿನೊಂದಿಗೆ ಹೋಲಿಸಿ. ಇಪ್ಪತ್ತರ ಗುಚ್ಛದಲ್ಲಿ 115 ಮನೆಗಳನ್ನು ನೋಡಿದ್ದೇವೆ ಎಂದು ವರದಿಯಲ್ಲಿ ಬರೆಯಬಹುದು, ನೋಡಲು ಅದು ದೊಡ್ಡ ಸಂಖ್ಯೆ. ಆದರೆ ಅದರ ನಿಜ ಬೆಲೆ 54. ಒಂಟಿ ಮನೆಗಳನ್ನು ಹುಡುಕಿಕೊಂಡು ನಡೆದು 55 ಮನೆಗಳನ್ನು ಮಾತ್ರ ನೋಡಿದವರಿಗೂ ಅಷ್ಟೇ ತಿಳಿವು ಸಿಕ್ಕಿದೆ. ಎಣಿಸಿದ ಮನೆಗಳ ಸಂಖ್ಯೆಯಿಂದ ಸಮೀಕ್ಷೆಯನ್ನು ಅಳೆಯಬಾರದು ಎಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷಿ ಬೇಕಿಲ್ಲ.

ಕಲನಶಾಸ್ತ್ರದ ನೆರವಿನಿಂದ V ಅತಿ ಕಡಿಮೆಯಾಗುವ M ಅನ್ನು ನೇರವಾಗಿಯೂ ಪಡೆಯಬಹುದು. ಸ್ಮಿತ್ ಅವರ ನಿಯಮವನ್ನು ಬಳಸಿದರೆ ಉತ್ತರ ಅಚ್ಚುಕಟ್ಟಾಗಿ ಬರುತ್ತದೆ.

M = (c₂² / 4Cc₁) × [1/(1−b)² − 1]

b = 0.75 ಆದಾಗ ಚೌಕ ಆವರಣದ ಬೆಲೆ 15. ನಮ್ಮ ಅಂಕಿಗಳನ್ನು ಹಾಕಿದರೆ 15 × 3600 / (4 × 720 × 5) = 3.75. ಅಂದರೆ ನಾಲ್ಕು ಮನೆ.

ಸೂತ್ರ ಹೇಳುವ ಮೂರು ಮಾತು

ಈ ಸೂತ್ರವನ್ನು ಸ್ವಲ್ಪ ಹೊತ್ತು ನೋಡುತ್ತ ಕುಳಿತರೆ ಮೂರು ಸಂಗತಿಗಳು ಹೊರಬರುತ್ತವೆ.

ಮೊದಲನೆಯದು, ಒಂದು ಮನೆಯಲ್ಲಿ ಕಳೆಯುವ ಹೊತ್ತು ಹೆಚ್ಚಾದರೆ ಗುಚ್ಛ ಚಿಕ್ಕದಾಗಬೇಕು. ತೊಟ್ಟಿ ನೋಡುವ 5 ನಿಮಿಷದ ಬದಲು ಮನೆಯವರ ಆದಾಯ, ವೆಚ್ಚ, ಕಾಯಿಲೆಗಳ ಬಗ್ಗೆ 20 ನಿಮಿಷ ಕೇಳುವುದಿದ್ದರೆ M ಒಂದಕ್ಕಿಂತ ಕೆಳಗೆ ಇಳಿಯುತ್ತದೆ. ಆಗ ಒಂಟಿ ಮನೆಗಳೇ ಸರಿ. ಮಾತುಕತೆಯೇ ದುಬಾರಿಯಾದಾಗ ಅದನ್ನು ಒಂದೇ ಬಗೆಯ ಉತ್ತರಗಳಿಗೆ ವ್ಯಯಿಸಬಾರದು. ಓಡಾಟ ಅಗ್ಗವಾದರೂ ಇದೇ ಪರಿಣಾಮ. ಸಮೀಕ್ಷಕಿ ಸ್ಕೂಟರಿನಲ್ಲಿ ಹೋಗಿ ಓಡಾಟದ ಹೊತ್ತನ್ನು ಅರ್ಧಕ್ಕೆ ಇಳಿಸಿದರೆ, ಸೂತ್ರದಲ್ಲಿ c₂ನ ವರ್ಗವಿರುವುದರಿಂದ M ಕಾಲುಭಾಗಕ್ಕೆ ಇಳಿಯುತ್ತದೆ.

ಎರಡನೆಯದು ಅನೇಕರಿಗೆ ಅಚ್ಚರಿ ತರುವಂಥದ್ದು. ಹಣ ಅಥವಾ ಹೊತ್ತು ಹೆಚ್ಚು ಸಿಕ್ಕಿದರೆ ಗುಚ್ಛವನ್ನು ದೊಡ್ಡದು ಮಾಡಬಾರದು, ಚಿಕ್ಕದು ಮಾಡಬೇಕು. ಎರಡು ದಿನಗಳ ಬದಲು ನಾಲ್ಕು ದಿನಗಳಿದ್ದರೆ M 3.75ರಿಂದ ಸುಮಾರು 1.9ಕ್ಕೆ ಇಳಿಯುತ್ತದೆ. ಕಾರಣ ವರ್ಗಮೂಲದಲ್ಲಿದೆ. ಗುಚ್ಛಗಳು ಹೆಚ್ಚಾದಂತೆ ಅವು ಒಂದಕ್ಕೊಂದು ಹತ್ತಿರವಾಗುತ್ತವೆ. ಹಾಗಾಗಿ ಮುಂದಿನ ಗುಚ್ಛಕ್ಕೆ ನಡೆಯುವ ದೂರ ಕಡಿಮೆಯಾಗುತ್ತದೆ. ನಡಿಗೆ ಅಗ್ಗವಾದ ಮೇಲೆ ಒಂದೇ ಕಡೆ ನಿಂತು ಹೆಚ್ಚು ಮನೆ ನೋಡುವ ಅಗತ್ಯವೇನು? ಜೆಸ್ಸನ್ ಅವರ ಸೂತ್ರದಿಂದಲೂ ಇದೇ ಫಲಿತಾಂಶ ಬರುತ್ತದೆ.

ಮೂರನೆಯದು, ಅತ್ಯನುಕೂಲ ಗಾತ್ರದಲ್ಲಿ ಓಡಾಟಕ್ಕೆ ಹೋಗುವ ಪಾಲು 2(1−b)/(2−b). ಇದರಲ್ಲಿ ಊರಿನ ವಿಸ್ತೀರ್ಣವಿಲ್ಲ, ಸಮಯದ ಮಿತಿಯಿಲ್ಲ, b ಒಂದೇ ಇದೆ. b 0.75 ಆಗಿದ್ದರೆ ಈ ಪಾಲು ನೂರಕ್ಕೆ 40. ಆದ್ದರಿಂದ ಮೊದಲ ದಿನದ ಸಂಜೆ ಗಡಿಯಾರದ ಲೆಕ್ಕ ನೋಡಿದಾಗ ದಿನದ ಮುಕ್ಕಾಲು ಭಾಗ ನಡಿಗೆಯಲ್ಲೇ ಹೋಗಿದ್ದರೆ ಗುಚ್ಛ ತೀರ ಚಿಕ್ಕದಾಗಿದೆ ಎಂದೂ, ಹತ್ತನೇ ಒಂದು ಭಾಗ ಮಾತ್ರ ಹೋಗಿದ್ದರೆ ತೀರ ದೊಡ್ಡದಾಗಿದೆ ಎಂದೂ ತಿಳಿಯಬಹುದು. ಮುಂದಿನ ಸಮೀಕ್ಷೆಯ ಯೋಜನೆಗೆ ಇದು ಒಳ್ಳೆಯ ಸೂಚನೆ. ಆದರೆ ನಡುವೆ ಗಾತ್ರ ಬದಲಿಸುವುದು ಸಲ್ಲದು.

ಗೇಟಿನ ಬಳಿ ಕಳೆದ ಹತ್ತು ನಿಮಿಷ

ಇಷ್ಟು ಓದಿದ ಮೇಲೆ, ಕ್ಷೇತ್ರದಲ್ಲಿ ಕೆಲಸ ಮಾಡಿದವರು ಒಂದು ಪ್ರಶ್ನೆ ಕೇಳುತ್ತಾರೆ. ಗುಚ್ಛದ ಹತ್ತಿರ ಬಂದಾಕ್ಷಣ ಕೆಲಸ ಆರಂಭವಾಗುತ್ತದೆಯೇ? ಇಲ್ಲ. ನಕ್ಷೆಯಲ್ಲಿ ಗುರುತು ಮಾಡಿದ ಮನೆಯನ್ನು ಹುಡುಕಬೇಕು. ಒಂದೇ ಬಡಾವಣೆಯಲ್ಲಿ ಹಳೆಯ ನಂಬರು, ಹೊಸ ನಂಬರು ಎರಡೂ ಇರುತ್ತವೆ. ಅಪಾರ್ಟ್‌ಮೆಂಟಾದರೆ ಸೆಕ್ಯುರಿಟಿಯವರ ಪುಸ್ತಕದಲ್ಲಿ ಹೆಸರು ಬರೆದು, ಸಂಘದ ಕಾರ್ಯದರ್ಶಿಯ ಒಪ್ಪಿಗೆಗೆ ಕಾಯಬೇಕು. ಇದು ಓಡಾಟವೂ ಅಲ್ಲ, ಮನೆ ನೋಡುವ ಹೊತ್ತೂ ಅಲ್ಲ. ಗುಚ್ಛಕ್ಕೊಂದರಂತೆ ತಗಲುವ ಮೂರನೆಯ ಖರ್ಚು.

ಇದಕ್ಕೆ ಪ್ರತಿ ಗುಚ್ಛಕ್ಕೆ 10 ನಿಮಿಷ ಎಂದಿಟ್ಟುಕೊಂಡರೆ ಸಮೀಕರಣ 5Mn + 10n + 60√n = 720 ಆಗುತ್ತದೆ. M = 10 ಆದಾಗ 60n + 60√n = 720, ಇದಕ್ಕೆ √n = 3, n = 9. ಹೊಸ ಲೆಕ್ಕದಲ್ಲಿ ಒಂಟಿ ಮನೆಗಳ ನಿಜ ಬೆಲೆ 55ರಿಂದ 27ಕ್ಕೆ ಕುಸಿಯುತ್ತದೆ. ನಾಲ್ಕರ ಗುಚ್ಛದ್ದು 45, ಹತ್ತರದ್ದು 51, ಇಪ್ಪತ್ತರದ್ದು 50. ಅತ್ಯನುಕೂಲ ಗಾತ್ರ ನಾಲ್ಕರಿಂದ ಸುಮಾರು ಹನ್ನೆರಡಕ್ಕೆ ಜಿಗಿದಿದೆ. ಕಿಲೋಮೀಟರುಗಳು ಬದಲಾಗಿಲ್ಲ, ಸೊಳ್ಳೆಗಳು ಬದಲಾಗಿಲ್ಲ. ಗೇಟಿನ ಬಳಿ ಕಳೆದ ಹತ್ತು ನಿಮಿಷ ಇಷ್ಟನ್ನು ಮಾಡಿತು.

ಮಹಾಲನೋಬಿಸ್ ತಮ್ಮವರಿಂದ ಹೊತ್ತಿನ ಲೆಕ್ಕ ಬರೆಸಿದ್ದರ ಮಹತ್ವ ಇಲ್ಲಿ ತಿಳಿಯುತ್ತದೆ. ಸೂತ್ರದಲ್ಲಿ ಯಾವ ಖರ್ಚಿದೆ, ಯಾವುದಿಲ್ಲ ಎಂಬುದನ್ನು ಮೇಜಿನ ಮುಂದೆ ಕುಳಿತು ಊಹಿಸಲಾಗದು. ಮೇಲಿನ ಶೇಕಡ 40ರ ಸೂಚನೆ ಕೂಡ ಈ ಮೂರನೆಯ ಖರ್ಚು ಇಲ್ಲದಿದ್ದಾಗ ಮಾತ್ರ ಸರಿ.

ಇದೇ ಲೆಕ್ಕದಲ್ಲಿ ಒಂದು ಸಮಾಧಾನವೂ ಇದೆ. ಎರಡೂ ಲೆಕ್ಕಗಳಲ್ಲಿ ಶಿಖರದ ಸುತ್ತ ನೆಲ ಚಪ್ಪಟೆಯಾಗಿದೆ. ಮೊದಲನೆಯದರಲ್ಲಿ 2ರಿಂದ 10ರವರೆಗೆ, ಎರಡನೆಯದರಲ್ಲಿ 8ರಿಂದ 20ರವರೆಗೆ ಯಾವ ಗಾತ್ರವನ್ನು ಆರಿಸಿದರೂ ನಷ್ಟ ಅತ್ಯಲ್ಪ. ಆದ್ದರಿಂದ 3.75 ಎಂಬ ದಶಮಾಂಶಕ್ಕೆ ಅಂಟಿಕೊಳ್ಳಬೇಕಿಲ್ಲ. ಖರ್ಚುಗಳ ಸ್ವರೂಪ ಸರಿಯಾಗಿ ತಿಳಿದಿರಬೇಕು, ಅಷ್ಟೆ. ಎರಡು ಲೆಕ್ಕಗಳಿಗೂ ಒಗ್ಗುವ ಗಾತ್ರವೆಂದರೆ ಎಂಟು. ಮೊದಲನೆಯದರಲ್ಲಿ ಅದರ ನಿಜ ಬೆಲೆ 60, ಎರಡನೆಯದರಲ್ಲಿ 50. ಗೇಟಿನ ಬಳಿ ಎಷ್ಟು ಹೊತ್ತಾಗುತ್ತದೆ ಎಂದು ಗೊತ್ತಿಲ್ಲದ ಸಮೀಕ್ಷಕಿಗೆ ಎಂಟು ಮನೆಯ ಗುಚ್ಛ ಸುರಕ್ಷಿತ ಆಯ್ಕೆ.

ಸೂತ್ರದ ಕಣ್ಣಿಗೆ ಬೀಳದವು

ಈ ಲೆಕ್ಕಕ್ಕೂ ಮಿತಿಗಳಿವೆ. ಅವುಗಳಲ್ಲಿ ಒಂದು ನಮ್ಮ ದೇಶದಲ್ಲೇ ದೊಡ್ಡ ಚರ್ಚೆಗೆ ಕಾರಣವಾಯಿತು. ಬೆಳೆಯ ಇಳುವರಿ ತಿಳಿಯಲು ಹೊಲದಲ್ಲಿ ಚಿಕ್ಕ ತುಂಡೊಂದನ್ನು ಕೊಯ್ದು ತೂಗುತ್ತಾರೆ. ಖರ್ಚು, ವೇರಿಯನ್ಸ್‌ಗಳ ಲೆಕ್ಕ ತೀರ ಚಿಕ್ಕ ತುಂಡುಗಳೇ ಲಾಭವೆಂದು ಹೇಳಬಹುದು. ಆದರೆ ಪಿ. ವಿ. ಸುಖಾತ್ಮೆ 1946ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ, ಇಂತಹ ಚಿಕ್ಕ ತುಂಡುಗಳು ಇಳುವರಿಯನ್ನು ನಿಜಕ್ಕಿಂತ ಹೆಚ್ಚಾಗಿ ತೋರಿಸುತ್ತವೆ ಎಂದು ಎಚ್ಚರಿಸಿದರು. ಅಂಚಿನ ಮೇಲೆ ನಿಂತ ಗಿಡವನ್ನು ಒಳಗೆ ಸೇರಿಸಿಕೊಳ್ಳುವತ್ತ ಕೊಯ್ಯುವವನ ಕೈ ವಾಲುತ್ತದೆ. ತುಂಡು ಚಿಕ್ಕದಾದಷ್ಟೂ ಅದರ ವಿಸ್ತೀರ್ಣಕ್ಕೆ ಹೋಲಿಸಿದರೆ ಅಂಚು ಹೆಚ್ಚು. ಈ ವಾಲುವಿಕೆ ವೇರಿಯನ್ಸ್ ಅಲ್ಲ. ಎಷ್ಟೇ ತುಂಡುಗಳನ್ನು ಕೊಯ್ದರೂ ಅದು ಕರಗುವುದಿಲ್ಲ. ಮನೆಗಳ ಸಮೀಕ್ಷೆಯಲ್ಲೂ ಇಂತಹ ಅಂಚುಗಳಿವೆ. ಬೀಗ ಹಾಕಿದ ಮನೆಯ ಬದಲು ಪಕ್ಕದ ಮನೆಯನ್ನು ಸೇರಿಸಿಕೊಂಡರೆ, ಹಗಲು ಯಾರೂ ಇಲ್ಲದ ಮನೆಗಳ ತೊಟ್ಟಿಗಳು ಲೆಕ್ಕದಿಂದ ಜಾರಿಹೋಗುತ್ತವೆ. ಮುಚ್ಚಳ ತೆಗೆಯದೆ ಬಿಟ್ಟ ತೊಟ್ಟಿಗಳು ಹೆಚ್ಚಾಗಿ ಅವೇ.

ಎರಡನೆಯ ಮಿತಿ, ಗುಚ್ಛಗಳು ತೀರ ಕಡಿಮೆಯಾದಾಗ ಬರುತ್ತದೆ. ಇಪ್ಪತ್ತರ ಗುಚ್ಛದಲ್ಲಿ ನಾವು ಆರು ಬೀದಿಗಳನ್ನು ಮಾತ್ರ ನೋಡುತ್ತೇವೆ. ಅಂದಾಜಿನ ತಪ್ಪು ಎಷ್ಟಿರಬಹುದು ಎಂಬುದನ್ನೂ ಆ ಆರು ಸಂಖ್ಯೆಗಳಿಂದಲೇ ಲೆಕ್ಕ ಹಾಕಬೇಕು. ಆರು ಬೀದಿಗಳಲ್ಲಿ ಒಂದು ಮಳೆನೀರು ನಿಂತ ಖಾಲಿ ನಿವೇಶನದ ಬದಿಯದಾದರೆ ಫಲಿತಾಂಶವೇ ಬೇರೆಯಾಗುತ್ತದೆ. ವರ್ಗಮೂಲದ ನಿಯಮವೂ ಬಿಂದುಗಳು ಹಲವಾರಿದ್ದಾಗ ಮಾತ್ರ ಚೆನ್ನಾಗಿ ಹೊಂದುತ್ತದೆ. ಪ್ರತಿ ಸಂಜೆ ಮನೆಗೆ ಹಿಂತಿರುಗುವ ದಾರಿ ಅದರಲ್ಲಿ ಸೇರಿಲ್ಲ.

ಮೂರನೆಯದು ಮಿತಿಗಿಂತ ಹೆಚ್ಚಾಗಿ ಸಾಮಾನ್ಯ ತಪ್ಪು. ಗುಚ್ಛಗಳಲ್ಲಿ ನೋಡಿದ 115 ಮನೆಗಳನ್ನು ಒಂಟಿ ಒಂಟಿಯಾಗಿ ಆರಿಸಿದವುಗಳಂತೆ ಭಾವಿಸಿ ತಪ್ಪಿನ ಮಿತಿಯನ್ನು ಕಂಡುಹಿಡಿದರೆ, ಅದು ಇರಬೇಕಾದುದಕ್ಕಿಂತ ಕಡಿಮೆ ಬರುತ್ತದೆ. ನಮ್ಮ ಉದಾಹರಣೆಯಲ್ಲಿ ನಿಜವಾದ ತಪ್ಪು ಅದರ 1.45ರಷ್ಟು. ಕಳೆದ ವಾರಕ್ಕಿಂತ ಸೊಳ್ಳೆ ಕಡಿಮೆಯಾಗಿದೆ ಎಂದು ಈ ಹುಸಿ ನಿಖರತೆಯನ್ನು ನಂಬಿ ಸಾರಿದರೆ, ಔಷಧ ಸಿಂಪಡಿಸುವುದನ್ನು ನಿಲ್ಲಿಸಿದ ಮೇಲೆ ಜ್ವರ ಹೆಚ್ಚಬಹುದು. ಇದನ್ನು ತಪ್ಪಿಸುವುದು ಸುಲಭ. ಮೊದಲು ಪ್ರತಿ ಗುಚ್ಛದ ಸರಾಸರಿ ತೆಗೆಯಬೇಕು, ಆಮೇಲೆ ಆ ಸರಾಸರಿಗಳ ನಡುವಿನ ಚೆದುರುವಿಕೆಯಿಂದ ತಪ್ಪನ್ನು ಲೆಕ್ಕಿಸಬೇಕು. ಎರಡು ಬಗೆಯ ಲೆಕ್ಕಗಳಿಗೂ ದೊಡ್ಡ ಅಂತರ ಕಂಡರೆ ನೆರೆಹೊರೆಯ ಹೋಲಿಕೆ ಬಲವಾಗಿದೆ ಎಂದು ಅರ್ಥ.

bಯನ್ನು ತಿಳಿಯುವುದು ಹೇಗೆ?

b ಎಂಬುದು ಪುಸ್ತಕದಲ್ಲಿ ಸಿಗುವ ಸಂಖ್ಯೆಯಲ್ಲ. ಅದು ವಿಷಯದಿಂದ ವಿಷಯಕ್ಕೆ, ಬಡಾವಣೆಯಿಂದ ಬಡಾವಣೆಗೆ ಬೇರೆಯಾಗುತ್ತದೆ. ಕೊಳವೆಬಾವಿಯ ನೀರಿನ ಗಡಸುತನ ಅಕ್ಕಪಕ್ಕದಲ್ಲಿ ಬಹಳ ಹೋಲುತ್ತದೆ, ಹಾಗಾಗಿ b ಕಡಿಮೆ. ಮನೆಯಲ್ಲಿರುವ ಮಕ್ಕಳ ಸಂಖ್ಯೆ ಅಷ್ಟು ಹೋಲುವುದಿಲ್ಲ, ಹಾಗಾಗಿ b ಒಂದಕ್ಕೆ ಹತ್ತಿರ. ಇದನ್ನು ತಿಳಿಯಲು ಸ್ಮಿತ್ ಹೊಲದಲ್ಲಿ ಮಾಡಿದ್ದನ್ನೇ ಬೀದಿಯಲ್ಲಿ ಮಾಡಬೇಕು. ಮುಖ್ಯ ಸಮೀಕ್ಷೆಗೆ ಮೊದಲು ಹತ್ತಾರು ಕಡೆ ಸಾಲಾಗಿ ಹದಿನಾರು ಮನೆಗಳನ್ನು ನೋಡಿ, ಅವನ್ನು ಎರಡೆರಡು, ನಾಲ್ಕುನಾಲ್ಕು, ಎಂಟೆಂಟಾಗಿ ಕೂಡಿಸಿ, ಪ್ರತಿ ಗಾತ್ರಕ್ಕೂ ಸರಾಸರಿಗಳ ವೇರಿಯನ್ಸ್ ತೆಗೆಯಬೇಕು. ಗಾತ್ರ ಮತ್ತು ವೇರಿಯನ್ಸ್ ಎರಡರ ಲಾಗರಿತಮ್‌ಗಳನ್ನು ನಕ್ಷೆಯಲ್ಲಿ ಗುರುತಿಸಿದರೆ ಬಿಂದುಗಳು ಸುಮಾರಾಗಿ ಒಂದು ಸರಳರೇಖೆಯ ಮೇಲೆ ಬೀಳುತ್ತವೆ. ಆ ರೇಖೆ ಇಳಿಯುವ ಓಟವೇ b. ಬಿಂದುಗಳು ರೇಖೆಯಿಂದ ಬಾಗಿದರೆ ನಿಯಮ ಅಲ್ಲಿ ಹೊಂದುವುದಿಲ್ಲ ಎಂದು ತಿಳಿಯಬೇಕು. ಹದಿನಾರು ಮನೆಗಳವರೆಗೆ ನೋಡಿ ಪಡೆದ bಯನ್ನು ಇನ್ನೂರು ಮನೆಗಳ ಗುಚ್ಛಕ್ಕೆ ಹಚ್ಚಬಾರದು.

ಮಹಾಲನೋಬಿಸ್ ಅವರ ಅನುಭವದ ಮೇಲೆಯೇ 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಆರಂಭವಾಯಿತು. ಅದರ ಬೆನ್ನಿಗೇ 1951-52ರಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ಬೆಂಗಳೂರು ನಗರ ಮತ್ತು ಅಂದಿನ ಮೈಸೂರು ರಾಜ್ಯದ ಹಳ್ಳಿಗಳಲ್ಲಿ ಜನಸಂಖ್ಯೆಯ ಮಾದರಿ ಅಧ್ಯಯನ ನಡೆಸಿದವು. 'ಮೈಸೂರು ಜನಸಂಖ್ಯಾ ಅಧ್ಯಯನ' ಎಂದು ಹೆಸರಾದ ಅದರ ವರದಿ 1961ರಲ್ಲಿ ಹೊರಬಂದಿತು. ಇಂದು ದೊಡ್ಡ ಸಮೀಕ್ಷೆಗಳು ಹೆಚ್ಚಾಗಿ ಎರಡು ಹಂತಗಳಲ್ಲಿ ನಡೆಯುತ್ತವೆ, ಅಂದರೆ ಆರಿಸಿದ ಗುಚ್ಛದಲ್ಲೂ ಎಲ್ಲ ಮನೆಗಳನ್ನು ನೋಡದೆ ಕೆಲವನ್ನು ಆರಿಸುತ್ತಾರೆ. ಆದರೂ ಒಂದು ಬೀದಿಯಲ್ಲಿ ಎಷ್ಟು ಬಾಗಿಲು ತಟ್ಟಬೇಕು ಎಂಬ ಪ್ರಶ್ನೆ ಅಲ್ಲಿಯೂ ಉಳಿದೇ ಇದೆ. ಅದಕ್ಕೆ ಉತ್ತರ ಕೊಡುವವರು ಮೊದಲು ಕೇಳಬೇಕಾದದ್ದು ಸಮೀಕ್ಷಕಿಯ ಪುಸ್ತಕದಲ್ಲಿರುವ ಮೂರು ಅಂಕಿಗಳನ್ನು: ನಡೆಯಲು ಎಷ್ಟು ನಿಮಿಷ, ಗೇಟಿನ ಬಳಿ ಎಷ್ಟು ನಿಮಿಷ, ತೊಟ್ಟಿಯ ಬಳಿ ಎಷ್ಟು ನಿಮಿಷ.